ಎರಡು ಹದಿನೈದು

ಕಲ್ಲಹೊಂಡದ ಹೈಸ್ಕೂಲಿನ ಅಂಗಳದಲ್ಲಿ ಒಂದು ಕಲ್ಲಿನ ಗಡಿಯಾರವಿದೆ. ಬೆಳಿಗ್ಗೆ ಒಂಬತ್ತಕ್ಕೆ ಅದು ಹನ್ನೊಂದು ತೋರಿಸುತ್ತದೆ, ಮಧ್ಯಾಹ್ನ ಮೂರಕ್ಕೆ ಒಂದು ತೋರಿಸುತ್ತದೆ. ಹೊಲದಲ್ಲಿ ಯಾರಾದರೂ ಹೊತ್ತಿಗೆ ಮೊದಲೇ ಬುತ್ತಿ ಬಿಚ್ಚಿದರೆ, ‘ಏನಪಾ, ಗುಡದಪ್ಪ ಮಾಸ್ತರ ಗಡಿಯಾರ ನೋಡಿ ಬಂದೀಯೇನು?’ ಎಂದು ನಗುತ್ತಾರೆ. ನಗುವವರಿಗೇನು, ಹಲ್ಲು ತಮ್ಮದೇ, ಖರ್ಚಿಲ್ಲ. ಆ ಕಲ್ಲಿನ ಮೇಲೆ ಕೆತ್ತಿದ ಹೆಸರು ಮಾತ್ರ ಗುಡದಪ್ಪನದು.

ಗುಡದಪ್ಪ ಯರಗುಪ್ಪಿಯವನು. ಅವನ ಅವ್ವ ಫಕೀರವ್ವ ಕಂಡವರ ಹೊಲದಲ್ಲಿ ಕಳೆ ಕಿತ್ತು ಅವನನ್ನು ಧಾರವಾಡಕ್ಕೆ ಕಳಿಸಿ ಬಿ.ಎಸ್ಸಿ. ಮಾಡಿಸಿದ್ದಳು, ಬಿ.ಎಡ್. ಕೂಡ ಮಾಡಿಸಿದ್ದಳು. ಕಲ್ಲಹೊಂಡಕ್ಕೆ ಗಣಿತದ ಮಾಸ್ತರನಾಗಿ ಬಂದು ಆರು ವರ್ಷವಾದರೂ ಅವನಿಗೆ ಹತ್ತನೆಯ ಇಯತ್ತೆ ಸಿಕ್ಕಿರಲಿಲ್ಲ. ‘ಎಂಟು ಒಂಬತ್ತು ಸಾಕು ಬಿಡ್ರಿ ಅವರಿಗೆ’ ಅನ್ನುತ್ತಿದ್ದರು ಸ್ಟಾಫ್ ರೂಮಿನಲ್ಲಿ. ‘ಅವರ ಮಂದಿಗೆ ಡಿಗ್ರಿ ಸರಕಾರ ಕೊಡತೈತಿ, ಲೆಕ್ಕ ಯಾರು ಕೊಡತಾರ?’ ಎಂದು ಇನ್ನೊಬ್ಬರು ಬೀಡಿಯ ಹೊಗೆಯ ಹಿಂದಿನಿಂದ ಅನ್ನುತ್ತಿದ್ದರು. ಇದೆಲ್ಲ ಅವನ ಕಿವಿಗೆ ಬೀಳಲಿ ಎಂದೇ ಅನ್ನುವ ಮಾತು. ಹಳೆಯ ಗಣಿತದ ಮಾಸ್ತರರು ನಿವೃತ್ತರಾದ ಮೇಲೆ, ಬೇರೆ ಗತಿಯಿಲ್ಲದೆ, ಎಂಬತ್ತರ ಜೂನಿನಲ್ಲಿ ಹತ್ತನೆಯದು ಅವನ ಪಾಲಿಗೆ ಬಂತು. ಆದರೆ ಶಾಲೆಯ ಚೇರಮನ್ ಮಡಿವಾಳೆಪ್ಪಗೌಡರ ಅಳಿಯ ಆಗಲೇ ಬಿ.ಎಡ್. ಓದುತ್ತಿದ್ದ. ಹತ್ತನೆಯದು ತನ್ನ ಕೈಯಲ್ಲಿರುವುದು ಹೆಚ್ಚೆಂದರೆ ಒಂದು ವರ್ಷದ ಮಾತು ಎಂಬುದು ಗುಡದಪ್ಪನಿಗೆ ಗೊತ್ತಿತ್ತು. ಅವನಿಗೆ ಬೇಕಾಗಿದ್ದು ಒಂದೇ: ಗುಡದಪ್ಪನಿಗೆ ಗಣಿತ ಬರುತ್ತದೆ ಎಂದು ಈ ಊರು ಒಮ್ಮೆಯಾದರೂ ಒಪ್ಪಿಕೊಳ್ಳಬೇಕು. ಇದು ದೊಡ್ಡ ಆಸೆಯೇನೂ ಅಲ್ಲ. ಆದರೆ ಸಣ್ಣ ಆಸೆಗಳೇ ಮನುಷ್ಯನನ್ನು ಹೆಚ್ಚು ಅರೆಯುತ್ತವೆ.

ಆ ವರ್ಷ ಗೌಡರು ಕಾಶಿಯಾತ್ರೆ ಮುಗಿಸಿ ಬರುವಾಗ ಜೈಪುರ ನೋಡಿಕೊಂಡು ಬಂದರು. ಅಲ್ಲಿ ರಾಜರು ಕಟ್ಟಿಸಿದ ನೆರಳಿನ ಗಡಿಯಾರ ಅವರ ಕಣ್ಣು ತುಂಬಿತ್ತು. ತಮ್ಮ ತಂದೆಯ ನೆನಪಿಗೆ ಶಾಲೆಯ ಅಂಗಳದಲ್ಲಿ ಅಂಥದೊಂದು ಆಗಬೇಕು ಎಂದು ಹೆಡ್‌ಮಾಸ್ತರ ಹೊಂಬಳ ಸರ್ ಮುಂದೆ ಹೇಳಿದರು. ಹೊಂಬಳರು ಕಲಿಸುತ್ತಿದ್ದದ್ದು ಇತಿಹಾಸ. ಅವರು ಗುಡದಪ್ಪನನ್ನು ಕರೆದರು.

“ಮಾಡಾಕ ಬರತೈತೇನಪಾ ನಿನಗ?” ಗೌಡರು ಕೇಳಿದರು. ಬೇರೆ ಮಾಸ್ತರರಿಗೆಲ್ಲ ‘ರಿ’, ಇವನಿಗೊಬ್ಬನಿಗೆ ‘ನೀ’.

“ಬರತೈತ್ರಿ ಗೌಡ್ರ. ಆದರ ನಮ್ಮೂರಿಂದು ಜೈಪುರದಂಗ ಕಾಣೂದಿಲ್ರಿ. ಅಲ್ಲಿ ನೆರಳು ಬೀಳಸೂ ಗ್ವಾಡಿ ಎಷ್ಟು ಓರೆ ಎದ್ದೈತೋ, ಇಲ್ಲಿ ತಗಡು ಅಷ್ಟು ಏಳಸಾಕ ಬರೂದಿಲ್ಲ.”

“ಕಾಣೂದು ಹೆಂಗರ ಕಾಣಲಿ, ಹೊತ್ತು ತೋರಿಸಿದರ ಆತು. ಕಲ್ಲಿನ ಮ್ಯಾಲ ನಿನ್ನ ಹೆಸರೂ ಹಾಕಸ್ತೀನಿ ಹೋಗು.”

ಆ ಕೊನೆಯ ಮಾತು ಗೌಡರು ಬಾಯಿಗೆ ಬಂತೆಂದು ಆಡಿದ್ದು. ಗುಡದಪ್ಪ ಅದನ್ನು ಎದೆಯಲ್ಲಿಟ್ಟುಕೊಂಡು ಮನೆಗೆ ಹೋದ. ಅವನ ವಂಶದಲ್ಲಿ ಯಾರ ಹೆಸರನ್ನೂ ಕಲ್ಲಿನ ಮೇಲೆ ಯಾರೂ ಕೆತ್ತಿರಲಿಲ್ಲ.

ಡಿಸೆಂಬರ್ ತಿಂಗಳ ಒಂದು ರವಿವಾರ ಅವನು ಅಂಗಳದಲ್ಲಿ ಒಂದು ಗೂಟವನ್ನು ಓಳಂಬದ ಗುಂಡುದಾರ ಬಿಟ್ಟು ನೆಟ್ಟಗೆ ನೆಟ್ಟು, ಸುತ್ತ ಹಗ್ಗದಿಂದ ಒಂದು ವೃತ್ತ ಎಳೆದ. ಬೆಳಿಗ್ಗೆ ಗೂಟದ ನೆರಳಿನ ತುದಿ ವೃತ್ತದ ಒಳಗೆ ಬಂದಾಗ ಒಂದು ಗುರುತು, ಮಧ್ಯಾಹ್ನದ ಮೇಲೆ ಹೊರಗೆ ಹೋದಾಗ ಇನ್ನೊಂದು. ಎರಡನ್ನೂ ಕೂಡಿಸಿದರೆ ಅದು ನೇರ ಪೂರ್ವ ಪಶ್ಚಿಮ. ಅದಕ್ಕೆ ಲಂಬವಾಗಿ ಎಳೆದದ್ದು ಉತ್ತರ. ಇದಕ್ಕೆ ದಿಕ್ಸೂಚಿ ಬೇಡ, ಯಾರ ಅಪ್ಪಣೆಯೂ ಬೇಡ. ಹಾದಿಯಲ್ಲಿ ಹೋಗುವವರು ನಿಂತು, ‘ಮಾಸ್ತರ ಬಿಸಲಾಗ ನಿಂತು ಹುಚ್ಚ ಆಗ್ಯಾನ’ ಅಂದುಕೊಂಡು ಹೋದರು.

ಲೆಕ್ಕ ಅವನಿಗೆ ಬಲು ಸೊಗಸಾಗಿ ಕಂಡಿತ್ತು. ಊರಿನ ಅಕ್ಷಾಂಶ ಹದಿನೈದು ಕಾಲು ಡಿಗ್ರಿ. ಹೀಗಾಗಿ ನೆರಳು ಬೀಳಿಸುವ ತಗಡಿನ ಅಂಚು ನೆಲದಿಂದ ಅಷ್ಟೇ ಎದ್ದು ಉತ್ತರಕ್ಕೆ, ಧ್ರುವ ನಕ್ಷತ್ರದತ್ತ, ನೋಡಬೇಕು. ಸೂರ್ಯ ಒಂದು ತಾಸಿಗೆ ಹದಿನೈದು ಡಿಗ್ರಿ ಸರಿಯುತ್ತಾನೆ. ಮಧ್ಯಾಹ್ನದಿಂದ ಸೂರ್ಯ ಎಷ್ಟು ಡಿಗ್ರಿ ಸರಿದಿದ್ದಾನೋ ಅದರ ಟ್ಯಾನ್ ತೆಗೆದುಕೊಳ್ಳಬೇಕು. ಅದನ್ನು ಅಕ್ಷಾಂಶದ ಸೈನ್‌ನಿಂದ ಗುಣಿಸಬೇಕು. ಬಂದದ್ದು ಕಲ್ಲಿನ ಮೇಲಿನ ಗೆರೆಯ ಕೋನದ ಟ್ಯಾನ್. ಲಾಗ್ ಟೇಬಲ್ ಪುಸ್ತಕ ಒಂದಿದ್ದರೆ ಸಾಕು, ಹತ್ತನೆಯ ಇಯತ್ತೆಯ ಹುಡುಗರೂ ಮಾಡುವ ಲೆಕ್ಕ. ಹುಡುಗರಿಗೆ ಆಗಲೇ ಹೇಳಿಕೊಡಲು ಅವನ ಬಾಯಿ ತುರಿಸುತ್ತಿತ್ತು. ಆದರೆ ಉದ್ಘಾಟನೆಗೆ ಕಲ್ಲಿನ ಮೇಲಿನ ಬಟ್ಟೆ ಸರಿದ ದಿನ, ಕಲ್ಲಿನ ಮುಂದೆಯೇ ನಿಲ್ಲಿಸಿ ಹೇಳಿಕೊಡಬೇಕೆಂದು ತಡೆದುಕೊಂಡ.

ಕಲ್ಲಿನ ಕೆಲಸ ಅಲ್ಲಾಭಕ್ಷನದು. ಗೋರಿ, ಒಳ್ಳು, ಬೀಸುವಕಲ್ಲು ಎಲ್ಲ ಕಡಿಯುತ್ತಿದ್ದ, ಮಾತು ಕಡಿಮೆ. ಅವನಿಗೆ ಡಿಗ್ರಿಯ ಗೊಡವೆ ಬೇಡವೆಂದು ಗುಡದಪ್ಪ ಲೆಕ್ಕವನ್ನು ಸೆಂಟಿಮೀಟರಿಗೆ ಇಳಿಸಿಕೊಟ್ಟ. ಫರಸಿಕಲ್ಲಿನ ನಡುವೆ ಉತ್ತರಕ್ಕೆ ಐವತ್ತು ಸೆಂಟಿಮೀಟರಿನ ಮಧ್ಯಾಹ್ನದ ಗೆರೆ. ಅದರ ತುದಿಯಲ್ಲಿ ಎಡಬಲಕ್ಕೆ ಒಂದು ಅಡ್ಡಗೆರೆ. ಅಡ್ಡಗೆರೆಯ ಮೇಲೆ ಮೂರೂವರೆ, ಏಳು ಪಾಯಿಂಟ್ ಆರು, ಹದಿಮೂರು ಚಿಲ್ಲರೆ, ಇಪ್ಪತ್ಮೂರಕ್ಕೆ ತುಸು ಕಡಿಮೆ, ನಲವತ್ತೊಂಬತ್ತು ಎಂದು ಗುರುತು. ತಗಡಿನ ಬುಡದಿಂದ ಆ ಗುರುತುಗಳಿಗೆ ಎಳೆದರೆ ಒಂದೊಂದು ತಾಸಿನ ಗೆರೆ. ಆರು ಗಂಟೆಯ ಗೆರೆ ಮಾತ್ರ ಬುಡದಲ್ಲೇ ಪೂರ್ತಿ ಅಡ್ಡ.

ಅಲ್ಲಾಭಕ್ಷ ಸೀಸದ ಕಡ್ಡಿಯಿಂದ ಎಳೆದು ನೋಡಿ ತಲೆ ಕೆರೆದುಕೊಂಡ. “ಮಾಸ್ತರ, ನಡುವ ಎಲ್ಲಾ ಒತ್ತಿ ಗಿಚ್ಚಾಗಿ ಕೂತಾವ. ಅಂಚಿಗೆ ಹೊಲದಷ್ಟು ಜಾಗಾ ಖಾಲಿ ಬಿದ್ದೈತಿ.”

“ನಮ್ಮ ಊರಿನ ನೆರಳ ಹಂಗ ಅಲ್ಲಾಭಕ್ಷ. ಮುಂಜಾನೆ ಓಡತೈತಿ, ನಡುಹಗಲ ತೆವಳತೈತಿ.”

ಆಗಲೇ ಹೊಂಬಳ ಸರ್ ಚಹಾ ಕುಡಿಯುತ್ತ ಬಂದು ನಿಂತಿದ್ದರು. “ಒಟ್ಟ ಏನ್ರಿ ಇದರ ಗುಟ್ಟು?” ಎಂದರು.

ಗುಡದಪ್ಪ ಆ ದಿನ ಸಂತೋಷದಲ್ಲಿದ್ದ. ಸಂತೋಷದಲ್ಲಿದ್ದವನ ಬಾಯಿ ಸಡಿಲ. “ಸರ್, ಎಲ್ಲಾ ಹದಿನೈದರ ಮ್ಯಾಲ ನಿಂತೈತ್ರಿ!” ಎಂದು ನಕ್ಕ. ಊರಿನದು ಒಂದು ಹದಿನೈದು, ಸೂರ್ಯನದು ಇನ್ನೊಂದು ಎಂದು ಬಿಡಿಸಿ ಹೇಳುವಷ್ಟರಲ್ಲಿ ಹೊಂಬಳರ ಚಹಾ ಮುಗಿದಿತ್ತು. ಅವರು ಹದಿನೈದನ್ನಷ್ಟೇ ಹೊತ್ತುಕೊಂಡು ಹೋದರು. ಲಂಡನ್ನಿನಲ್ಲಾದರೂ ಜೈಪುರದಲ್ಲಾದರೂ ಈ ಎರಡು ಸಂಖ್ಯೆ ಬೇರೆ ಬೇರೆ, ಗಲಿಬಿಲಿಗೆ ಜಾಗವಿಲ್ಲ. ನಮ್ಮ ಈ ಎರೆಭೂಮಿಯ ಪಟ್ಟಿಯಲ್ಲಿ ಮಾತ್ರ ಎರಡೂ ಅವಳಿಜವಳಿ.

ಜನವರಿ ಮುಗಿಯುವಷ್ಟರಲ್ಲಿ ಗೆರೆಗಳೆಲ್ಲ ಕೆತ್ತಿ ಆದವು. ತಗಡನ್ನು ಸೀಸ ಕಾಸಿ ಕೂಡಿಸಿದ್ದಾಯಿತು. ಅಂಕಿಗಳನ್ನು ಸದ್ಯಕ್ಕೆ ಬಣ್ಣದಲ್ಲಿ ಬರೆದರು, ಕೆತ್ತುವುದು ಕೊನೆಗೆ. ಕೈಗಡಿಯಾರಕ್ಕೂ ಕಲ್ಲಿಗೂ ಮುಕ್ಕಾಲು ತಾಸಿನಷ್ಟು ಅಂತರ ಇರುತ್ತದೆ, ದೇಶಕ್ಕೆಲ್ಲ ಒಂದೇ ಗಡಿಯಾರ ಇಟ್ಟಿದ್ದಾರೆ, ನಮ್ಮಲ್ಲಿ ಸೂರ್ಯ ತಡವಾಗಿ ಬರುತ್ತಾನೆ, ತಿಂಗಳಿಗೊಂದಿಷ್ಟು ಹೆಚ್ಚು ಕಡಿಮೆಯೂ ಆಗುತ್ತದೆ, ಅದನ್ನೊಂದು ಫಲಕದಲ್ಲಿ ಬರೆಸಿ ಪಕ್ಕದಲ್ಲಿ ನಿಲ್ಲಿಸೋಣ ಎಂದು ಗುಡದಪ್ಪ ಹೊಂಬಳರಿಗೆ ಹೇಳಿದ. ಅವರು ಹೂಂ ಅಂದರು. ಅಷ್ಟರಲ್ಲಿ ಫೆಬ್ರುವರಿ ಬಂತು. ಜನಗಣತಿ. ಗುಡದಪ್ಪನಿಗೆ ಯರಗುಪ್ಪಿಯ ಕಡೆಗೇ ಕೆಲಸ ಬಿತ್ತು. ತಿಂಗಳ ಮಟ್ಟಿಗೆ ಅವನು ಅವ್ವನ ಕೈಯಡಿಗೆ ಉಂಡು ಮನೆಮನೆ ತಿರುಗಿದ.

ಅವನಿಲ್ಲದಾಗ ಗೌಡರು ಒಂದು ಮುಂಜಾನೆ ಬಂದರು. ಕೈಯ ಎಚ್‌ಎಂಟಿ ನೋಡಿದರು. ಒಂಬತ್ತು ಮುಕ್ಕಾಲು. ಕಲ್ಲು ನೋಡಿದರು. ನೆರಳು ಸರಿಯಾಗಿ ಒಂಬತ್ತರ ಗೆರೆಯ ಮೇಲೆ ಕೂತಿತ್ತು.

“ಏನ್ರಿ ಹೊಂಬಳ, ಹೊಸಾ ಗಡಿಯಾರ ಈಗಲೇ ಮುಕ್ಕಾಲು ತಾಸು ಹಿಂದ ಬಿದ್ದೈತಿ! ಮತ್ತ ಇದೇನು, ಗೆರಿ ನಡುವ ಒಟ್ಟಿಬಿಟ್ಟಾನ? ಜೈಪುರದಾಗ ಎಲ್ಲಾ ಸಮಾ ಸಮಾ ಇದ್ವು. ನನ್ನ ಕಣ್ಣಲೆ ನೋಡೇನಿ.”

ಗೌಡರ ಕಣ್ಣು ಸುಳ್ಳು ಹೇಳಿರಲಿಲ್ಲ. ಜೈಪುರದಲ್ಲಿ ಗೆರೆ ಸಮಸಮವೇ. ಅಲ್ಲಿ ನೆರಳು ಬೀಳುವುದು ಬಂಡಿಗಾಲಿಯ ಬಳೆಯಂತೆ ಬಾಗಿದ ಗೋಡೆಯ ಮೇಲೆ, ಸೂರ್ಯನ ದಾರಿಗೆ ಸರಿಯಾಗಿ ಓರೆ ಮಾಡಿ ಕಟ್ಟಿದ್ದು. ಮಲಗಿಸಿದ ಕಲ್ಲಿನ ಮೇಲೆ ಅದೇ ನೆರಳು ಬೇರೆ ಲೆಕ್ಕ ಕೇಳುತ್ತದೆ. ಇದನ್ನು ಹೇಳಬಲ್ಲವನು ಯರಗುಪ್ಪಿಯಲ್ಲಿ ಯಾರ ಮನೆಯಲ್ಲಿ ಎಷ್ಟು ಮಂದಿ ಎಂದು ಬರೆಯುತ್ತಿದ್ದ. ಹೊಂಬಳರಿಗೆ ಗೌಡರ ಮುಂದೆ ‘ಗೊತ್ತಿಲ್ಲ’ ಅನ್ನುವ ರೂಢಿಯಿರಲಿಲ್ಲ. ಅವರಿಗೆ ಆ ಚಹಾದ ಹೊತ್ತಿನ ಮಾತು ನೆನಪಾಯಿತು.

“ಮಾಸ್ತರೇ ಹೇಳಿದ್ರಿ ಗೌಡ್ರ, ಎಲ್ಲಾ ಹದಿನೈದರ ಮ್ಯಾಲ ಅಂತ. ತಾಸಿಗೆ ಹದಿನೈದು ಡಿಗ್ರಿ. ಭೂಗೋಲದಾಗೂ ಹಂಗ ಐತಿ. ಕೆತ್ತೂದರಾಗ ಅಲ್ಲಾಭಕ್ಷ ತಪ್ಯಾನ.”

“ಹದಿನೈದಂದ್ರ ಹದಿನೈದು. ಸರಿ ಮಾಡಸ್ರಿ.”

ಉಳಿ ಹಿಡಿದು ಪಕ್ಕದಲ್ಲೇ ನಿಂತಿದ್ದ ಅಲ್ಲಾಭಕ್ಷ ಒಂದು ಮಾತು ಅಂದ: “ಮಾಸ್ತರ ಬರಲ್ರಿ.” ಅದಕ್ಕೆ ಗೌಡರು, “ಮಾಸ್ತರ ಕೂಲಿ ಕೊಡತಾನೇನಲೇ?” ಎಂದರು. ಮಾತು ಅಲ್ಲಿಗೇ ಮುಗಿಯಿತು. ಅವನು ನಡುವಿನ ಇಕ್ಕಟ್ಟಾದ ಗೆರೆಗಳಿಗೆ ಕಲ್ಲಿನ ಪುಡಿ, ಸಿಮೆಂಟು ಕಲಸಿ ತುಂಬಿದ. ಶಾಲೆಯ ದೊಡ್ಡ ಕೋನಮಾಪಕ ಇಟ್ಟು ಹದಿನೈದು, ಮೂವತ್ತು, ನಲವತ್ತೈದು ಎಂದು ಹೊಸದಾಗಿ ಗುರುತು ಹಾಕಿದ. ಒಂದು ವಿಚಿತ್ರ ಕಂಡು ಅವನ ಕೈ ನಿಂತಿತು. ಹದಿನೈದು ಡಿಗ್ರಿಯಲ್ಲಿ ಆಗಲೇ ಒಂದು ಗೆರೆಯಿತ್ತು, ಮಾಸ್ತರನ ಒಂಬತ್ತರ ಗೆರೆ. ನಲವತ್ತೈದರಲ್ಲೂ ಇತ್ತು, ಅದು ಏಳರ ಗೆರೆ. ಕೂದಲೆಳೆಯ ಅಂತರ, ಅಷ್ಟೇ. ಅವನ್ನು ತುಂಬುವ ಕೆಲಸ ತಪ್ಪಿತು. ಒಂಬತ್ತು ಅಳಿಸಿ ಹನ್ನೊಂದು, ಏಳು ಅಳಿಸಿ ಒಂಬತ್ತು ಎಂದು ಅಂಕಿಯನ್ನಷ್ಟೇ ಬದಲಿಸಿದ. ಇನ್ನೊಂದು ಬದಿಗೂ ಹಾಗೆಯೇ ಮಾಡಿ ಅಂಕಿಗಳನ್ನು ಉಳಿಯಿಂದ ಕೆತ್ತಿ ಮುಗಿಸಿದ. ಕೆಳಗೆ ಗೌಡರ ತಂದೆಯ ಹೆಸರು, ಅದರ ಕೆಳಗೆ ‘ಗಣಿತ: ಗುಡದಪ್ಪ, ಬಿ.ಎಸ್ಸಿ., ಬಿ.ಎಡ್.’ ಎಂದೂ ಕೆತ್ತಿದ. ಗೌಡರು ಕೊಟ್ಟ ಮಾತಿಗೆ ತಪ್ಪುವವರಲ್ಲ, ಅದೊಂದು ದೊಡ್ಡ ಕೇಡು.

ಶಿವರಾತ್ರಿ ಮುಗಿದ ಮೇಲೆ ಉದ್ಘಾಟನೆ ಇಟ್ಟರು. ಗುಡದಪ್ಪ ಆ ದಿನವೇ ಬಸ್ಸಿಳಿದು ಬಂದ. ಜೊತೆಗೆ ಅವ್ವ, ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ಲ ಸೀರೆ ಉಟ್ಟು. ಮಗನ ಹೆಸರು ನೋಡಬೇಕೆಂದು ಬಂದಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಹೆಸರು ಯಾವುದೆಂದು ತೋರಿಸಿದರೆ ನೋಡಲು ಬರುತ್ತಿತ್ತು.

ಕಲ್ಲಿಗೆ ಒಂದು ಹೊಸ ಧೋತರ ಹೊದಿಸಿದ್ದರು. ಭಾಷಣಗಳು ಉದ್ದವಾದವು. ಹನ್ನೆರಡರ ಹೊತ್ತಿಗೆ ಗೌಡರು ಧೋತರ ಎಳೆದರು, ಚಪ್ಪಾಳೆ ಬಿತ್ತು. ಗುಡದಪ್ಪ ಮೊದಲು ಕಂಡದ್ದು ತನ್ನ ಹೆಸರು. ಎದೆ ಒಮ್ಮೆ ತುಂಬಿ ಬಂತು. ಆಮೇಲೆ ಗೆರೆ ಕಂಡ.

ಬೀಸಣಿಗೆಯ ಕಡ್ಡಿಗಳಂತೆ ಸಮಸಮ, ಚೆಂದವಾಗಿ, ಹಸಿ ಹಸಿ ಸುಳ್ಳು.

ಗೌಡರು ಕೈಯೆತ್ತಿ ಎಲ್ಲರಿಗೂ ಎಚ್‌ಎಂಟಿ ತೋರಿಸಿದರು. “ನೋಡ್ರಿ, ಇದರಾಗ ಬರೋಬ್ಬರಿ ಹನ್ನೆರಡು. ಅದರಾಗ ಹನ್ನೆರಡಕ್ಕ ಹತ್ತು ಕಮ್ಮಿ. ಕಲ್ಲಿಗೆ ಹತ್ತು ನಿಮಿಷ ಏನು ಮಹಾ!” ಮತ್ತೆ ಚಪ್ಪಾಳೆ. ತನ್ನ ಗೆರೆಗಳಿದ್ದಿದ್ದರೆ ಈ ಹೊತ್ತಿಗೆ ನೆರಳು ಹನ್ನೊಂದೂ ಇಪ್ಪತ್ತನ್ನು ತೋರಿಸುತ್ತಿತ್ತು ಎಂಬುದು ಗುಡದಪ್ಪನಿಗೆ ಹೊಳೆಯಿತು. ಇಡೀ ದಿನದಲ್ಲಿ ಸುಳ್ಳು ಗಡಿಯಾರ ನಿಜದ ಗಡಿಯಾರಕ್ಕಿಂತ ಹೆಚ್ಚು ಸರಿ ಕಾಣುವ ಹೊತ್ತು ಇದು. ಅದೇ ಹೊತ್ತಿಗೆ ಊರೆಲ್ಲ ಸೇರಿ ನೋಡುತ್ತಿತ್ತು. ಹಣೆಬರಹಕ್ಕೆ ಹೊಣೆಯಾರು ಅನ್ನುತ್ತಾರಲ್ಲ, ಇಲ್ಲಿ ಹೊಣೆಗಾರನೆಂದು ಅವನ ಹೆಸರೂ ಕೆತ್ತಿತ್ತು.

ಅವನು ಎದ್ದು ನಿಂತ. “ಗೌಡ್ರ, ಈ ಗೆರಿ ನನ್ನವಲ್ರಿ. ಯಾರೋ ಬದಲ್ಯಾರ. ಇದು ನಾಳೆ ಮುಂಜಾನೆ ಒಂಬತ್ತಕ್ಕ ಹನ್ನೊಂದು ತೋರಸತೈತಿ.”

ಹೊಂಬಳ ಸರ್ ಬೂಟಿನ ತುದಿ ನೋಡತೊಡಗಿದರು. ಗೌಡರಿಗೆ ಸಿಟ್ಟು ಬರಲಿಲ್ಲ, ನಗು ಬಂತು. “ಕುಣಿಯಲಾರದಾಕಿ ನೆಲಾ ಡೊಂಕು ಅಂದ್ಲಂತ! ನಿನ್ನ ತಪ್ಪ ತಿದ್ದಿಸಿ, ನಿನ್ನ ಹೆಸರ ಹಾಕಿಸೇನಿ, ಮತ್ತ ಇದೇನಪಾ?”

ಇಡೀ ಅಂಗಳ ನಕ್ಕಿತು. ಹುಡುಗರು ನಕ್ಕರು, ಬೇರೆ ಮಾಸ್ತರರು ಬಾಯಿಗೆ ಟವೆಲ್ಲು ಹಿಡಿದು ನಕ್ಕರು. ಆ ಒಂದು ಗಾದೆ ಅವನ ಬಾಯಿಗೆ ಹಾಕಿದ ಬೀಗ. ಅಂದಿನಿಂದ ಅವನು ಕಲ್ಲಿನ ಬಗ್ಗೆ ಏನು ಬಾಯಿ ತೆರೆದರೂ ಎದುರಿನವರ ಮುಖದಲ್ಲಿ ಅದೇ ಗಾದೆ ಏಳುತ್ತಿತ್ತು.

ಜನ ಉಪ್ಪಿಟ್ಟಿನ ಕಡೆಗೆ ಹೋದ ಮೇಲೆ ಫಕೀರವ್ವ ಬಂದಳು. ಕಲ್ಲಿನಿಂದ ಎರಡು ಮಾರು ದೂರದಲ್ಲೇ, ಒಂದು ಪಕ್ಕಕ್ಕೆ ಸರಿದು ನಿಂತಳು.

“ಹಂತ್ಯಾಕ ಬಾ ಅವ್ವಾ.”

“ನೆರಳು ಬೀಳತೈತೋ ತಮ್ಮಾ. ಗೌಡರ ತಂದಿ ಹೆಸರಿನ ಕಲ್ಲು.” ಅವಳು ಸಣ್ಣವಳಿದ್ದಾಗ ತಮ್ಮವರ ನೆರಳು ಬಿದ್ದ ಕಟ್ಟೆಯನ್ನು ನೀರು ಹಾಕಿ ತೊಳೆಯುತ್ತಿದ್ದರು. ಮಗ ಮಾಸ್ತರನಾದರೂ ಅವಳ ಕಾಲಿಗೆ ಆ ಅಳತೆ ಮರೆತಿರಲಿಲ್ಲ.

“ಬೀಳಲಿ ಅವ್ವಾ. ನೆರಳು ಬೀಳಾಕ ಅಂತನ ಮಾಡಿದ್ದು ಇದು.”

ಅವಳು ಬಂದಳು. ಅವನು ಅವಳ ಬೆರಳು ಹಿಡಿದು ಅಕ್ಷರದ ಮೇಲಿಟ್ಟ. ಅವಳು ‘ಗು’ ಅಕ್ಷರದ ಹಳ್ಳದಲ್ಲಿ ಬೆರಳಾಡಿಸಿದಳು, ಆಮೇಲೆ ಮುಂದಿನದು, ಅದರ ಮುಂದಿನದು. “ಆಳ ಕೆತ್ಯಾರ ನೋಡು” ಎಂದಳು. “ಮಳಿಗಿ ಅಳಸೂದಿಲ್ಲ. ನಿಮ್ಮಪ್ಪ ಇರಬೇಕಿತ್ತು.”

ಹೌದು, ಅಳಿಸುವುದಿಲ್ಲ. ಅವನಿಗೆ ಅಲ್ಲೇ ಕುಸಿದು ಕೂತು ಅಳಬೇಕೆನಿಸಿತು. ಅವ್ವನನ್ನು ಉಪ್ಪಿಟ್ಟಿನ ಕಡೆಗೆ ಕರೆದೊಯ್ದ.

ಸಂಜೆ ಅಲ್ಲಾಭಕ್ಷನ ಮನೆಗೆ ಹೋದ. ಅವನು ತಲೆ ತಗ್ಗಿಸಿ, “ಹೇಳಿದ್ದ ಕೆತ್ತಿದ್ನಿ ಮಾಸ್ತರ. ನಿಮ್ಮ ಒಂಬತ್ತರ ಗೆರಿ ಹಂಗ ಐತಿ, ಅಂಕಿ ಅಷ್ಟ ಬ್ಯಾರೆ” ಎಂದ. ಅದು ಸಮಾಧಾನದ ಮಾತೆಂದೇ ಅವನು ತಿಳಿದಿದ್ದ. ಮರುದಿನ ಹೊಂಬಳರ ಮುಂದೆ ನಿಂತು ಗುಡದಪ್ಪ, “ಸರ್, ಗೆರಿ ತಿದ್ದೂದು ಬ್ಯಾಡ್ರಿ, ನನ್ನ ಹೆಸರರ ತಗಸ್ರಿ” ಎಂದು ಕೇಳಿಕೊಂಡ. ಹೊಂಬಳರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, “ಹೆಸರು ತಗದರ ಗೌಡರ ಮಾತು ತಗದಂಗ ಅಲ್ಲೇನ್ರಿ? ನನಗ ಇನ್ನೂ ಎರಡು ವರ್ಷ ನೌಕರಿ ಐತಿ” ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಕೆಟ್ಟವರಾಗಿದ್ದರೆ ಬೈದಾದರೂ ಹೊರಗೆ ಬರಬಹುದಿತ್ತು.

ವಾರದೊಳಗೆ ಊರಿಗೆಲ್ಲ ತಿಳಿಯಿತು. ಮುಂಜಾನೆ ಏಳಕ್ಕೆ ಒಂಬತ್ತು ತೋರಿಸಿ, ಒಂಬತ್ತಕ್ಕೆ ಹನ್ನೊಂದು ಮುಟ್ಟಿ, ಅಲ್ಲಿಂದ ಮಧ್ಯಾಹ್ನದವರೆಗೆ ಹೆದ್ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿನಂತೆ ಕಲ್ಲು ಹನ್ನೊಂದು ಹನ್ನೆರಡರ ನಡುವೆಯೇ ಕೂರುತ್ತಿತ್ತು. ಉದ್ಘಾಟನೆಯ ದಿನದ ಚಪ್ಪಾಳೆ ಗೌಡರದಾಗಿತ್ತು, ಈಗಿನ ನಗು ಗುಡದಪ್ಪನದಾಯಿತು. ‘ಮೊದಲಽ ಹೇಳಿದ್ವಲ್ಲ’ ಎಂದರು ಸ್ಟಾಫ್ ರೂಮಿನಲ್ಲಿ. ಜೂನಿನಿಂದ ಹತ್ತನೆಯ ಗಣಿತ ಗೌಡರ ಅಳಿಯನಿಗೆ ಎಂದು ತೀರ್ಮಾನವೂ ಆಯಿತು. ಪಾಲಕರೇ ಕೇಳುತ್ತಿದ್ದಾರೆ ಎಂದು ಹೊಂಬಳರು ಹೇಳಿದರು. ಪಾಲಕರು ಕೇಳುತ್ತಿದ್ದದ್ದೂ ನಿಜವೇ.

ಗುಡದಪ್ಪನಿಗೆ ಒಂದೇ ದಾರಿ ಕಂಡಿತು. ತಾನು ಹೇಳಿದರೆ ಗಾದೆ, ಲೆಕ್ಕ ಹೇಳಿದರೆ? ಲೆಕ್ಕಕ್ಕೆ ಜಾತಿಯಿಲ್ಲ, ಅದು ಯಾರಿಗೂ ಹೆದರುವುದಿಲ್ಲ. ಪರೀಕ್ಷೆಗೆ ಮುಂಚಿನ ಪುನರಾವರ್ತನೆಯಲ್ಲಿ ಅವನು ಹತ್ತನೆಯ ಹುಡುಗರಿಗೆ ಟ್ಯಾನ್, ಸೈನ್ ತಿರುಗಿ ಹೇಳಿಕೊಟ್ಟ. ನೆರಳಿನ ಗೆರೆಯ ಸೂತ್ರವನ್ನೂ ಕರಿ ಫಳಿಯ ಮೇಲೆ ಬರೆದ. ಅಂಗಳದ ಕಲ್ಲಿನ ಹೆಸರೆತ್ತಲಿಲ್ಲ. ಯಾರಾದರೂ ಒಬ್ಬರು, ಒಬ್ಬರೇ ಸಾಕು, ತಾವಾಗಿ ಲೆಕ್ಕ ಮಾಡಿ, ಅಂಗಳಕ್ಕೆ ಹೋಗಿ ಅಳೆದು, ಓಡಿ ಬಂದು, ‘ಸರ್, ಕಲ್ಲು ತಪ್ಪೈತಿ, ನಿಮ್ಮ ಲೆಕ್ಕ ಖರೇ’ ಎನ್ನಬೇಕು. ಈ ಒಂದು ಮಾತಿಗಾಗಿ ಅವನು ಹಸಿದವನಂತೆ ಕಾದ. ಆ ಒಬ್ಬರು ಯಾರೆಂದೂ ಅವನಿಗೆ ಗೊತ್ತಿತ್ತು. ಗಾಣಿಗರ ನೀಲಕ್ಕ. ಕಾರಣ ಕೇಳದೆ ಯಾವ ಉತ್ತರವನ್ನೂ ಬರೆದುಕೊಳ್ಳದ ಹುಡುಗಿ.

ಒಂದು ಶನಿವಾರ, ಮುಂಜಾನೆಯ ಶಾಲೆ. ಸಣ್ಣದೊಂದು ಪರೀಕ್ಷೆ ಇಟ್ಟ. ಕೊನೆಯ ಪ್ರಶ್ನೆ ಅದೇ: ಅಕ್ಷಾಂಶ ಹದಿನೈದು ಕಾಲು ಡಿಗ್ರಿಯ ಊರಿನಲ್ಲಿ, ಮಲಗಿಸಿದ ಕಲ್ಲಿನ ಮೇಲೆ, ಒಂಬತ್ತು ಗಂಟೆಯ ಗೆರೆ ಮಧ್ಯಾಹ್ನದ ಗೆರೆಯಿಂದ ಎಷ್ಟು ಡಿಗ್ರಿ? ಬಲು ಸುಲಭದ್ದು. ಮೂರು ತಾಸಿಗೆ ನಲವತ್ತೈದು ಡಿಗ್ರಿ, ಅದರ ಟ್ಯಾನ್ ಒಂದು. ಉಳಿದದ್ದು ಅಕ್ಷಾಂಶದ ಸೈನ್ ಮಾತ್ರ. ಟೇಬಲ್ಲಿನಲ್ಲಿ ಅಷ್ಟು ಟ್ಯಾನ್ ಇರುವ ಕೋನ ಹುಡುಕಿದರೆ ಹದಿನಾಲ್ಕು ಡಿಗ್ರಿ ನಲವತ್ನಾಲ್ಕು ಮಿನಿಟು.

ನೀಲಕ್ಕ ಎಲ್ಲರಿಗಿಂತ ಮೊದಲು ಮುಗಿಸಿ, ನೀರು ಕುಡಿದು ಬರುತ್ತೇನೆಂದು ಕೇಳಿ ಹೊರಗೆ ಹೋದಳು. ಕೈಯಲ್ಲಿ ಕಂಪಾಸ ಪೆಟ್ಟಿಗೆ ಇತ್ತು. ನೀರಿನ ಟಾಕಿಯ ಹತ್ತಿರ ಯಾರಿಗೆ ಬೇಕು ಕಂಪಾಸು? ಗುಡದಪ್ಪ ಮೇಜು ಬಿಟ್ಟು ಎದ್ದ. ಕಿಟಕಿಯಿಂದ ನೋಡಿದ. ಅವಳು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೋನಮಾಪಕ ಇಟ್ಟಳು. ಅಳೆದಳು. ಇನ್ನೊಮ್ಮೆ ಅಳೆದಳು. ಆಮೇಲೆ ಕೆಳಗಿನ ಹೆಸರಿನ ಸಾಲು ಓದಿ, ಕಂಪಾಸ ಪೆಟ್ಟಿಗೆ ಮುಚ್ಚಿ ಎದ್ದಳು.

ಒಳಗೆ ಬಂದವಳು ಓಡಿ ಬರಲಿಲ್ಲ. ತನ್ನ ಜಾಗಕ್ಕೆ ಹೋಗಿ ಕಾಗದದಲ್ಲಿ ಏನೋ ಹೊಡೆದು ಹಾಕಿ, ಏನೋ ಬರೆದು, ತಂದು ಮೇಜಿನ ಮೇಲಿಟ್ಟಳು. ಅವನ ಮುಖ ನೋಡಲಿಲ್ಲ.

ಕಾಗದದಲ್ಲಿ ಲೆಕ್ಕವೆಲ್ಲ ಮುತ್ತಿನಂಥ ಅಕ್ಷರದಲ್ಲಿ ಸರಿಯಾಗಿತ್ತು. ಕೊನೆಗೆ 14° 44′ ಎಂದು ಬರೆದದ್ದನ್ನು ಹೊಡೆದು ಹಾಕಿ, 45° ಎಂದು ಬರೆದಿದ್ದಳು.

ಅವನು ಅವಳನ್ನು ಬಾಗಿಲ ಹೊರಗೆ ಕರೆದ. “ಯಾಕ ನೀಲಕ್ಕ? ಲೆಕ್ಕ ಬರೋಬ್ಬರಿ ಐತೆಲ್ಲ. ಕಡೀಕ ಯಾಕ ಹೊಡದಿ?”

ಅವಳು ಉಟ್ಟ ಪರಕಾರದ ಅಂಚು ಹಿಚುಕುತ್ತ ನಿಂತಳು.

“ಹೇಳವ್ವಾ.”

“ಕಲ್ಲಿನ ಮ್ಯಾಲ ನಲವತ್ತೈದು ಐತ್ರಿ ಸರ್.”

“ಐತಿ. ಅದಕ್ಕ?”

“ನಿಮ್ಮ ಹೆಸರೂ ಐತಲ್ರಿ.” ಅವಳ ಕಣ್ಣಲ್ಲಿ ನೀರು ತುಂಬಿತು. “ಎಲ್ಲಾರೂ ನಿಮಗ ನಗತಾರ್ರಿ. ನಾನೂ ಕಲ್ಲು ತಪ್ಪೈತಿ ಅಂತ ಬರದರ... ದೊಡ್ಡ ಪರೀಕ್ಷಾದಾಗ ಹದಿನಾಕಽ ಬರೀತೀನ್ರಿ. ಇಲ್ಲಿ ಅಷ್ಟ ಬ್ಯಾಡ ಅನಿಸ್ತು.”

ಕರುಣೆ. ಅವನು ಏನೆಲ್ಲ ಎದುರಿಸಲು ಸಿದ್ಧನಾಗಿದ್ದ, ಇದೊಂದಕ್ಕೆ ಇರಲಿಲ್ಲ. ಊರು ನಕ್ಕಿತ್ತು, ಇವಳು ನಕ್ಕಿರಲಿಲ್ಲ. ಅವನು ಕಲಿಸಿದ ಲೆಕ್ಕವನ್ನೇ ಹಿಡಿದು, ಅವನಿಗೆ ಲೆಕ್ಕ ಬರುವುದಿಲ್ಲ ಎಂದು ತಿಳಿದುಕೊಂಡು, ಅದನ್ನು ಮುಚ್ಚಿಡಲು ತನ್ನ ಸರಿಯುತ್ತರವನ್ನು ಹೊಡೆದು ಹಾಕಿದ್ದಳು. ಇನ್ನು ಮುಂದೆಯೂ ಹೀಗೆಯೇ. ಅವನು ಚೆನ್ನಾಗಿ ಕಲಿಸಿದಷ್ಟೂ, ಕಲಿತ ಹುಡುಗರೇ ಒಬ್ಬೊಬ್ಬರಾಗಿ ಹೋಗಿ ಅಳೆದು, ಹೆಸರು ಓದಿ, ಸುಮ್ಮನೆ ತಿರುಗಿ ಬರುತ್ತಾರೆ.

‘ಅದು ನಾ ಮಾಡಿದ್ದಲ್ಲವ್ವಾ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಗಾದೆಯೂ ಬಂತು, ನೆಲ ಡೊಂಕು. ಹೇಳಿದರೆ ಈ ಹುಡುಗಿ ಹೌದೆಂದು ತಲೆಯಾಡಿಸುತ್ತಾಳೆ, ನಂಬುವುದಿಲ್ಲ. ಮುದುಕರ ಸುಳ್ಳನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರಲ್ಲ, ಹಾಗೆ ಕೇಳಿಸಿಕೊಳ್ಳುತ್ತಾಳೆ. ನಂಬಿದರೂ ಕಲ್ಲು ನಲವತ್ತೈದರಲ್ಲೇ ಇರುತ್ತದೆ, ಹೆಸರೂ ಅಲ್ಲೇ ಇರುತ್ತದೆ. ಈಗ ಅವನ ಕೈಯಲ್ಲಿ ಉಳಿದದ್ದು ಒಂದೇ ಆಯ್ಕೆ, ಹೆಸರೋ ಲೆಕ್ಕವೋ.

ಅವನು ಕಿಸೆಯಿಂದ ಪೆನ್ನು ತೆಗೆದು ಅವಳ ಕೈಗೆ ಕೊಟ್ಟ.

“ನಲವತ್ತೈದು ಹೊಡದು ಹಾಕು. ಮೊದಲ ಬರದದ್ದ ಖರೇ. ಅದನ್ನ ತಿರಗಿ ಬರಿ.”

“ಮತ್ತ ಕಲ್ಲು, ಸರ್?”

“ಅದು ಗುಡದಪ್ಪ ಮಾಸ್ತರಂದು,” ಎಂದ ಗುಡದಪ್ಪ ಮಾಸ್ತರ. “ಅವನಿಗೆ ಲೆಕ್ಕ ತಪ್ಪೈತಿ. ನೀ ತಪ್ಪಬ್ಯಾಡ.”

ನೀಲಕ್ಕ ಗೋಡೆಗೆ ಕಾಗದ ಒತ್ತಿಕೊಂಡು, ಹದಿನಾಲ್ಕು ಡಿಗ್ರಿ ನಲವತ್ನಾಲ್ಕು ಮಿನಿಟು ಎಂದು ತಿರುಗಿ ಬರೆದಳು. ಅವನು ಅಲ್ಲೇ ನಿಂತು ಅದಕ್ಕೆ ಕೆಂಪು ಶಾಯಿಯಲ್ಲಿ ಸರಿಯ ಗುರುತು ಹಾಕಿ, ಪೂರ್ತಿ ಅಂಕ ಕೊಟ್ಟ. ಅಂಗಳದಲ್ಲಿ ನೆರಳು ಅವನದೇ ಒಂಬತ್ತರ ಗೆರೆಯ ಮೇಲೆ ಬಂದು ಕೂತಿತ್ತು. ಅದರ ತಲೆಯ ಮೇಲೆ ಹನ್ನೊಂದು ಎಂದು ಕೆತ್ತಿತ್ತು.